ತೋಳು ಕೂರಿಸುವ ಕಷ್ಟ

ಹೋದ ವಾರ ಒಂದು ಕುರ್ತಾ ಹೊಲಿದೆ. ಸೂಜಿ ದಾರದಿಂದ ಅಲ್ಲ, ಕಂಪ್ಯೂಟರ್‌ನಲ್ಲೇ ಬಟ್ಟೆ ಹೊಲಿಯುವ ಮಾರ್ವೆಲಸ್ ಡಿಸೈನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಕಟಿಂಗ್ ಮಾಸ್ಟರ್ ಕೊಟ್ಟ ಪೇಪರ್ ಪ್ಯಾಟರ್ನ್ ನೋಡಿ ಮುಂಭಾಗ, ಹಿಂಭಾಗ, ಎರಡು ತೋಳು ಬರೆದುಕೊಂಡು, ಆ ಚಪ್ಪಟೆ ತುಂಡುಗಳನ್ನು ಗೊಂಬೆಯ ಸುತ್ತ ನಿಲ್ಲಿಸಿ, ಯಾವ ಅಂಚು ಯಾವುದಕ್ಕೆ ಸೇರಬೇಕು ಅಂತ ತೋರಿಸಿ ಸಿಮ್ಯುಲೇಟ್ ಒತ್ತಿದರೆ, ಅಂಚುಗಳು ಒಂದನ್ನೊಂದು ಎಳೆದುಕೊಂಡು ಬಟ್ಟೆ ಮೈಮೇಲೆ ಕೂರುತ್ತದೆ. ಕೂತಿತು, ಚೆನ್ನಾಗೇ ಕಾಣಿಸಿತು.

ಅದು Particle Distance 20 ಇದ್ದಾಗಿನ ಮಾತು. ಅಂದರೆ ಬಟ್ಟೆಯ ಲೆಕ್ಕ ನಡೆಯುವ ಬಿಂದುಗಳ ನಡುವೆ ಸುಮಾರು 20 ಮಿ.ಮೀ. ಅಂತರ. ಕೊನೆಯ ನೋಟಕ್ಕೆ ಅದನ್ನು 5ಕ್ಕೆ ಇಳಿಸಿದೆ ನೋಡಿ, ತೋಳಿನ ಹೊಲಿಗೆಯುದ್ದಕ್ಕೂ ಸಣ್ಣ ಸಣ್ಣ ಸುಕ್ಕು ಎದ್ದವು. ಅವು ಮೊದಲೂ ಇರಬೇಕಾದವೇ. ಆದರೆ ಬಿಂದುಗಳೇ 2 ಸೆಂ.ಮೀ. ದೂರ ಇದ್ದರೆ 1 ಸೆಂ.ಮೀ. ಅಗಲದ ಮಡಿಕೆ ಮೂಡೋದಾದರೂ ಎಲ್ಲಿ?

ತಪ್ಪು ಬಟ್ಟೆಯದೋ ಹೊಲಿಗೆಯದೋ ಅಂತ ತಿಳಿಯಲು ನಾನು ಬಟ್ಟೆ ಬದಲಿಸಿ ನೋಡುತ್ತೇನೆ. ಕಾಟನ್ ಪಾಪ್ಲಿನ್ ತೆಗೆದು ರೇಷ್ಮೆ ಹಾಕಿದೆ. ರೇಷ್ಮೆಗೆ ಬಾಗಲು ತಡೆ ಕಡಿಮೆ, ಹಾಗಾಗಿ ಸುಕ್ಕು ಇನ್ನೂ ಸಣ್ಣದಾಯಿತು, ಸಂಖ್ಯೆ ಜಾಸ್ತಿಯಾಯಿತು. ಡೆನಿಮ್ ಹಾಕಿದರೆ ದಪ್ಪ ದಪ್ಪ ಉಬ್ಬು. ಆಕಾರ ಬದಲಾಯಿತು, ಜಾಗ ಮಾತ್ರ ಅದೇ. ಅಂದಮೇಲೆ ಬಟ್ಟೆಯನ್ನು ಬೈದು ಪ್ರಯೋಜನ ಇಲ್ಲ.

ಅಳೆದೆ. ತೋಳು ಸೇರುವ ಬಾಯಿ 44 ಸೆಂ.ಮೀ., ತೋಳಿನ ಮೇಲಿನ ಗುಮ್ಮಟದ ಅಂಚು 48. ನಾಲ್ಕು ಸೆಂ.ಮೀ. ಹೆಚ್ಚು. ಭುಜದ ದುಂಡನೆಯ ಭಾಗಕ್ಕೆ ಜಾಗ ಬೇಕಲ್ವಾ, ಸ್ವಲ್ಪ ಹೆಚ್ಚು ಇರಲೇಬೇಕು. ಮಾಸ್ಟರ್‌ಗೆ ಫೋನ್ ಮಾಡಿದೆ.

"ಸಾರ್, ಸಡಿಲ ಮೇಲ್ಗಡೆ ಮಾತ್ರ ಬಿಡಬೇಕು, ಕಂಕುಳ ಹತ್ರ ಅಲ್ಲ. ನಾವು ಕೈಯಲ್ಲಿ ಜರುಗಿಸ್ತೀವಿ, ಆಮೇಲೆ ಇಸ್ತ್ರಿ ಹಾಕ್ತೀವಿ."

ಅಲ್ಲೇ ಇತ್ತು ವಿಷಯ. ಉದ್ದ ಬೇರೆ ಬೇರೆ ಇರುವ ಎರಡು ಅಂಚು ಸೇರಿಸಿದರೆ, ಸಾಫ್ಟ್‌ವೇರ್ ಹೆಚ್ಚಿನ ಬಟ್ಟೆಯನ್ನು ಉದ್ದಕ್ಕೂ ಸಮವಾಗಿ ಹಂಚುತ್ತದೆ. ಅದಕ್ಕೆ ಕಂಕುಳೂ ಒಂದೇ, ಭುಜವೂ ಒಂದೇ. ಹಾಗಾಗಿ ಮುಂದೆ ಹಿಂದೆ ಎರಡೂ ಕಡೆ ಕಂಕುಳಿನಿಂದ 8 ಸೆಂ.ಮೀ. ಮೇಲೆ, ತೋಳಿಗೂ ಬಾಯಿಗೂ ಗುರುತು ಹಾಕಿ ಹೊಲಿಗೆಯನ್ನು ತುಂಡು ಮಾಡಿದೆ. ಕೆಳಗಿನ ತುಂಡುಗಳು ಸರಿಸಮ, ಹೆಚ್ಚಿನದ್ದೆಲ್ಲ ಮೇಲಕ್ಕೆ. ಕಂಕುಳು ನೀಟಾಯಿತು. ಮೇಲೆ ಇನ್ನೂ ಸುಕ್ಕು ಉಳಿದಿತ್ತು, ಪಾಪ್ಲಿನ್ ನಾಲ್ಕು ಸೆಂ.ಮೀ. ನುಂಗುವ ಬಟ್ಟೆಯಲ್ಲ. ಗುಮ್ಮಟದ ಎತ್ತರವನ್ನು 1 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಇಳಿಸಿ ಅಂಚನ್ನು 46ಕ್ಕೆ ತಂದೆ. ಭುಜದ ಮೇಲೆ ಸಣ್ಣ ಉಬ್ಬು ಮಾತ್ರ ಉಳಿಯಿತು. ಎತ್ತರ ಇಳಿದದ್ದಕ್ಕೆ ಕೈ ಕೆಳಗಿಟ್ಟಾಗ ತೋಳಿನ ಮೇಲೆ ಓರೆ ಮಡಿಕೆ ಬೀಳುತ್ತದೆ, ಕುರ್ತಾಗೆ ಅದು ನಡೆಯುತ್ತೆ, ಕೋಟಿಗೆ ನಡೆಯಲ್ಲ.

ಈಗ ಪೂರ್ತಿ ಕುರ್ತಾ 5ರಲ್ಲಿ ಇಟ್ಟರೆ ನನ್ನ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಆ ಅಂಕಿಯನ್ನು ತುಂಡು ತುಂಡಿಗೆ ಬೇರೆ ಕೊಡಬಹುದು, ಹಾಗಾಗಿ ತೋಳುಗಳನ್ನು ಮೊದಲು 5ಕ್ಕೆ ಇಳಿಸಿ ನೋಡುತ್ತೇನೆ, ಉಳಿದದ್ದು ಕೊನೆಗೆ.