ಅತ್ತೆ ಹೋದ ಮೇಲೆ ಬರೆದ ಕಾರ್ಡುಗಳು

ನಮ್ಮ ಕಡೆ ಸಾವಿನ ಮನೆಗೆ ಬಂದವರಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಬಂದವರೂ "ಹೋಗಿ ಬರ್ತೀನಿ" ಅನ್ನದೆ ಸುಮ್ನೆ ಎದ್ದು ಹೋಗುತ್ತಾರೆ. ವೈಕುಂಠ ಸಮಾರಾಧನೆಗೆ ಕರೆದು ಊಟ ಹಾಕಿದರೆ ಅದರಲ್ಲೇ ಎಲ್ಲ ಹೇಳಿದಂತೆ. ಫ್ರಾನ್ಸ್‌ನಲ್ಲಿ ಹಾಗಲ್ಲ. ತುಲೂಸ್ ಹತ್ತಿರದ ಹಳ್ಳಿಯಲ್ಲಿ ನಮ್ಮ ಅತ್ತೆ ತೀರಿಕೊಂಡಾಗ, ಮಣ್ಣು ಮಾಡಿ ಬಂದ ಮೇಲೆ ಇನ್ನೊಂದು ಕೆಲಸ ಬಾಕಿ ಇತ್ತು. ಸಂತಾಪ ಹೇಳಿದ ಒಬ್ಬೊಬ್ಬರಿಗೂ ಕಾಗದ ಬರೆಯಬೇಕು, ಅದೂ ಕೆಲವು ವಾರಗಳ ಒಳಗೆ.

ಯಾರ್ಯಾರಿಗೆ ಅಂತ ಗೊತ್ತಾಗುವುದು ಒಂದು ಪುಸ್ತಕದಿಂದ. ಚರ್ಚಿನ ಬಾಗಿಲ ಬಳಿ ಮೇಜಿನ ಮೇಲೆ ಅದನ್ನು ತೆರೆದಿಟ್ಟಿರುತ್ತಾರೆ. ಬಂದವರು ಹೆಸರು ಬರೆದು, ಮನಸ್ಸಾದರೆ ಒಂದು ಸಾಲು ಸೇರಿಸಿ ಒಳಗೆ ಹೋಗುತ್ತಾರೆ. ಆಮೇಲೆ ಅದು ಮನೆಯವರ ಕೈಗೆ ಬರುತ್ತದೆ. ನನ್ನ ಗಂಡನ ಅಕ್ಕ, ಅಂದರೆ ನಮ್ಮ ಅತ್ತಿಗೆ, ಅದನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಟ್ಟು ಕೂತರು. ಅರ್ಧ ಸಹಿಗಳು ಓದಲಿಕ್ಕೇ ಬರುತ್ತಿರಲಿಲ್ಲ, ವಿಳಾಸವಂತೂ ಕೆಲವರದ್ದು ಮಾತ್ರ ಇತ್ತು. ಸಿಗದವರಿಗೋಸ್ಕರ ಆ ಭಾಗದ ದಿನಪತ್ರಿಕೆ ಲಾ ದೆಪೇಶ್‌ನಲ್ಲಿ ಒಂದು ಚಿಕ್ಕ ಪ್ರಕಟಣೆ ಕೊಟ್ಟೆವು. ಸಾವಿನ ಸುದ್ದಿ ಹಾಕುವ ಹಾಗೇ ಅಲ್ಲಿ ಥ್ಯಾಂಕ್ಸ್ ಕೂಡ ಹಾಕುತ್ತಾರೆ.

ಉಳಿದವರಿಗೆ ಅಚ್ಚು ಹಾಕಿದ ಬಿಳಿ ಕಾರ್ಡು. ಅದರ ಮಾತು ಬಹುಮಟ್ಟಿಗೆ ಸಿದ್ಧವೇ ಇರುತ್ತದೆ: "ತ್ರೆ ತೂಶೆ ಪಾರ್ ವೋ ಮಾರ್ಕ್ ದ ಸ್ಯಾಂಪತಿ", ನೀವು ತೋರಿಸಿದ ಮಮತೆ ಮನಸ್ಸಿಗೆ ತಟ್ಟಿದೆ ಅಂತ. ಅದರ ಮುಂದೆ ಮಕ್ಕಳು, ಮೊಮ್ಮಕ್ಕಳು "ತಮ್ಮ" ಕೃತಜ್ಞತೆ ತಿಳಿಸುತ್ತಾರೆ ಎಂದು ಬರುತ್ತದೆ. ಯಾರೋ ಮೂರನೆಯವರು ಮನೆಯವರ ಪರವಾಗಿ ಹೇಳುವ ಧಾಟಿ. ಅಚ್ಚಿನ ಕರಡು ಬಂದಾಗ ಅತ್ತಿಗೆ ಮೊದಲು ನೋಡಿದ್ದು ಇದನ್ನೇ. ಮೊದಲ ಸಾಲು "ಅವರು" ಅಂತ ಶುರುವಾಗಿ, ಕೊನೆಯದು "ನಾವು" ಅಂತ ಮುಗಿದಿತ್ತು. ಹೀಗೆ ಕಲಸಿಹೋಗುವುದು ಜಾಸ್ತಿ, ಓದುವವರಿಗೆ ಕಣ್ಣಿಗೆ ಹೊಡೆಯುತ್ತದೆ. ತಿದ್ದಿಸಿದರು.

ಆದರೆ ಹತ್ತಿರದವರಿಗೆ ಅಚ್ಚಿನ ಮಾತು ಸಾಲದು. ಕೆಳಗೆ ಕೈಯಲ್ಲಿ ಎರಡು ಸಾಲು ಬರೆಯಬೇಕು. ಅವು ನನ್ನ ಪಾಲಿಗೆ ಬಂದವು, ಏಕೆಂದರೆ ಕೊನೆಯ ತಿಂಗಳುಗಳಲ್ಲಿ ಅತ್ತೆಯ ಜೊತೆ ಜಾಸ್ತಿ ಇದ್ದವಳು ನಾನು. ಅತ್ತಿಗೆ ಹೇಳಿದ್ದು ಇಷ್ಟೇ: "ದೊಡ್ಡ ಮಾತು ಬೇಡ. ಅವರು ಏನು ಮಾಡಿದರೋ ಅದನ್ನು ಹೇಳು. ಅಮ್ಮ ಅವರ ಬಗ್ಗೆ ಏನು ಹೇಳ್ತಿದ್ದಳೋ ಅದನ್ನು ಹೇಳು. ಸಾಕು."

ಪಕ್ಕದ ಮನೆಯ ಅಜ್ಜನಿಗೆ ಬರೆದದ್ದು ನೆನಪಿದೆ. ಅವರು ಸಾವಿನ ಮಾರನೆಯ ದಿನ ಬಾಗಿಲು ತಟ್ಟದೆ, ಮೆಟ್ಟಿಲ ಮೇಲೆ ಒಂದು ಪಾತ್ರೆ ಸೂಪು ಇಟ್ಟುಹೋಗಿದ್ದರು. ಅವರಿಗೆ ಹೀಗೆ ಬರೆದೆ: "ಮೆರ್ಸಿ ದೆತ್ರ್ ವೆನ್ಯು, ಎ ಮೆರ್ಸಿ ಪೂರ್ ಲಾ ಸೂಪ್. ಎಲ್ ಪಾರ್ಲೆ ಸೂವಾಂ ದ ವೋ ತೊಮಾತ್." ಬಂದದ್ದಕ್ಕೆ ಥ್ಯಾಂಕ್ಸ್, ಸೂಪಿಗೂ ಥ್ಯಾಂಕ್ಸ್, ನಿಮ್ಮ ಟೊಮೆಟೊ ಬಗ್ಗೆ ಅತ್ತೆ ಆಗಾಗ ಹೇಳುತ್ತಿದ್ದರು. ಇಲ್ಲಿ "ವೋ" ಅಂದರೆ "ನಿಮ್ಮ". ವರ್ಷಗಟ್ಟಲೆ ಬೇಲಿಯಾಚೆ ಮಾತಾಡಿದರೂ ಅವರಿಬ್ಬರ ನಡುವೆ ಬಹುವಚನವೇ ಇತ್ತು. ಸಾವಿನ ಹೊತ್ತಲ್ಲಿ ನಾನು ಏಕವಚನಕ್ಕೆ ಇಳಿದರೆ ಅದು ಸಲಿಗೆ ಆಗುತ್ತಿತ್ತು, ಪ್ರೀತಿ ಆಗುತ್ತಿರಲಿಲ್ಲ. ಅತ್ತೆಯ ಬಾಲ್ಯದ ಗೆಳತಿಗೆ ಮಾತ್ರ ಅತ್ತಿಗೆ ಏಕವಚನದಲ್ಲೇ ಬರೆದು "ಜ ತಾಂಬ್ರಾಸ್" ಎಂದು ಮುಗಿಸಿದರು. ನಿನಗೊಂದು ಮುತ್ತು ಅಂತ. ಅಲ್ಲಿ ಅದು ಹತ್ತಿರದವರ ಮಾಮೂಲಿ ಮುಕ್ತಾಯ. ಅಜ್ಜನಿಗೆ "ಬ್ಯಾ ಕೊರ್ದ್ಯಾಲ್ಮಾಂ" ಎಂದು ಮುಗಿಸಿದರೆ ಆಫೀಸ್ ಪತ್ರದ ಹಾಗೆ ತಣ್ಣಗಿರುತ್ತದೆ. ಅದಕ್ಕೇ "ನಮ್ಮೆಲ್ಲರ ಪ್ರೀತಿಯೊಂದಿಗೆ" ಅನ್ನುವ ಅರ್ಥದ್ದನ್ನು ಹಾಕಿದೆವು.

ಇನ್ನೊಂದು ಸೂಕ್ಷ್ಮ, ಕಿವಿಗೆ ಗೊತ್ತೇ ಆಗದ್ದು. "ತೂಶೆ", ಅಂದರೆ ಮನಸ್ಸಿಗೆ ತಟ್ಟಿದೆ ಅನ್ನುವುದನ್ನು ಗಂಡಸು ಬರೆದರೆ ಒಂದು ರೀತಿ. ಹೆಂಗಸು ಬರೆದರೆ ಕೊನೆಗೆ ಒಂದು 'ಇ' ಅಕ್ಷರ ಸೇರುತ್ತದೆ. ಇಡೀ ಮನೆಯವರ ಪರವಾಗಿ ಬರೆದರೆ 'ಎಸ್' ಬರುತ್ತದೆ. ಉಚ್ಚಾರ ಮೂರಕ್ಕೂ ಒಂದೇ. ಹಾಗಾಗಿ ಸಹಿ ಯಾರದ್ದು ಅಂತ ಮೊದಲೇ ತೀರ್ಮಾನಿಸಿ ಬರೆಯಬೇಕು.

ಸಾವಿನ ಪ್ರಕಟಣೆಯಲ್ಲಿ ನಾವು ಹೂವು, ಹೂಮಾಲೆ ಬೇಡ ಎಂದಿದ್ದೆವು. ಅದರ ಬದಲು ಕೆಲವರು ಸಂಸ್ಥೆಯೊಂದಕ್ಕೆ ದುಡ್ಡು ಕೊಟ್ಟಿದ್ದರು. ಅವರಿಗೂ ಬರೆದೆವು, ಮೊತ್ತದ ಮಾತು ಎತ್ತದೆ.

ಕೊನೆಗೆ ಉಳಿದದ್ದು ಮನೆಗೆ ಬಂದು ಇಂಜೆಕ್ಷನ್ ಕೊಟ್ಟು, ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮ. ಪತ್ರಿಕೆಯ ಪ್ರಕಟಣೆಯಲ್ಲಿ ವೈದ್ಯರನ್ನೂ ನರ್ಸ್‌ಗಳನ್ನೂ ನೆನೆಯುವುದು ರೂಢಿ, ನಾವೂ ನೆನೆದಿದ್ದೆವು. ಆದರೂ ಆಕೆಗೆ ಬೇರೆ ಕಾರ್ಡೇ ಬರೆದೆ. ಬೆಳಗ್ಗೆ ಬಂದಾಗ ಮೊದಲು ಕಿಟಕಿ ತೆರೆದು, ಅಂಗಳದಲ್ಲಿ ಯಾವ ಹಕ್ಕಿ ಬಂದಿದೆ ಅಂತ ಅತ್ತೆಗೆ ಹೇಳುತ್ತಿದ್ದರಲ್ಲ, ಅದಕ್ಕೆ ಥ್ಯಾಂಕ್ಸ್ ಅಂತ.