ಬಿಸಿಲು, ಕೂಸು ಮತ್ತು ಒಂದು ಚಮಚ ನೀರು

ಮೇ 6, ಕಲಬುರಗಿ

ಕೂಸಿಗೆ ಈಗ ಐದು ವಾರ. ಊರಲ್ಲಿ ಬಿಸಿಲು 40 ದಾಟಿದೆ. ಮಧ್ಯಾಹ್ನ ಕರೆಂಟ್ ಹೋಗಿ ಕೂಲರ್ ನಿಂತರೆ ಕೋಣೆ ರೊಟ್ಟಿ ಹಂಚಿನಂತೆ ಕಾಯುತ್ತದೆ. ಆಗ ಇವಳು ಅರ್ಧ ಗಂಟೆಗೊಮ್ಮೆ ಹಾಲು ಕೇಳುತ್ತಾಳೆ. ಐದು ನಿಮಿಷ ಚೀಪಿ ಬಿಡುತ್ತಾಳೆ. ನಾನು ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಅಳು.

"ಕೂಸಿನ ಬಾಯಿ ಒಣಗ್ಯಾದ. ಕಾಯಿಸಿ ಆರಿಸಿದ ನೀರು ಒಂದು ಚಮಚ ಹಾಕಬೇ. ನಿಮ್ಮ ಅವ್ವಗೂ ಹಾಕೀನಿ, ನಿನಗೂ ಹಾಕೀನಿ" ಅಂತ ಆಯಿ ದಿನಾ ಹೇಳುತ್ತಾಳೆ.

ಇವತ್ತು ಚಮಚ ಕೈಗೆ ತೆಗೆದುಕೊಂಡೇಬಿಟ್ಟಿದ್ದೆ. ಕೂಸಿನ ದಾಹಕ್ಕಲ್ಲ, ನನ್ನ ನಿದ್ದೆಗೆ. ಹೊಟ್ಟೆಗೆ ನೀರು ಬಿದ್ದರೆ ಒಂದು ತಾಸು ಮಲಗುತ್ತಾಳೇನೋ ಅನ್ನುವ ಆಸೆ. ಆಮೇಲೆ ಆಶಾ ಅಕ್ಕ ಹೇಳಿದ್ದು ನೆನಪಾಗಿ ಕೆಳಗಿಟ್ಟೆ.

28ನೇ ದಿನ ಬಂದಾಗ ಆಕೆ ಜೋಳಿಗೆಯಂಥ ಬಟ್ಟೆಯಲ್ಲಿ ಕೂಸನ್ನು ಕೂರಿಸಿ, ತಕ್ಕಡಿಯ ಕೊಕ್ಕೆಗೆ ತೂಗುಹಾಕಿ ತೂಕ ನೋಡಿದರು. ಹುಟ್ಟಿದಾಗ 2.8 ಕೆ.ಜಿ. ಇದ್ದಳು. ಮೊದಲ ಮೂರು ದಿನದಲ್ಲಿ 2.6ಕ್ಕೆ ಇಳಿದಾಗ ನಾನು ಅತ್ತಿದ್ದೆ. ಮೊದಮೊದಲು ಅಷ್ಟು ಇಳಿಯುವುದು ಸಹಜವಂತೆ. 14ನೇ ದಿನ 2.85, 28ಕ್ಕೆ 3.2. ಅಂದರೆ ದಿನಕ್ಕೆ 25 ಗ್ರಾಂ ಏರಿದ್ದಾಳೆ. ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಅಂತ ಅರ್ಥ.

ನೀರಿನ ವಿಷಯ ತೆಗೆದಿದ್ದೂ ಅವತ್ತೇ, ಆಯಿಯ ಎದುರಿಗೇ. ಎದೆಹಾಲಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇದೆ. ಮೊದಲು ಇಳಿಯುವ ಹಾಲು ಇನ್ನೂ ತೆಳು. ಬಿಸಿಲಲ್ಲಿ ಕೂಸು ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ ಕುಡಿಯುವುದು ಹಸಿವಿಗಷ್ಟೇ ಅಲ್ಲ, ದಾಹಕ್ಕೂ ಹೌದು. ಬೇರೆ ನೀರು ಕೊಟ್ಟರೆ ಪುಟ್ಟ ಹೊಟ್ಟೆ ಅದರಲ್ಲೇ ತುಂಬುತ್ತದೆ, ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆ. ನೀರು ಕೆಟ್ಟಿದ್ದರೆ ಭೇದಿ. ಜಾಸ್ತಿ ಕುಡಿಸಿದರೆ ರಕ್ತದ ಉಪ್ಪಿನಂಶ ಇಳಿದು ಫಿಟ್ಸ್ ಕೂಡ ಬರಬಹುದು. ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ ಅಂದರು.

"ಉಚ್ಚಿ ನೋಡ್ರಿ" ಅಂದರು ಆಯಿಗೆ. ದಿನಕ್ಕೆ ಆರು ಸಲಕ್ಕಿಂತ ಕಡಿಮೆಯಾದರೆ, ಬಣ್ಣ ಗಾಢ ಹಳದಿ ಆದರೆ, ನೆತ್ತಿಯ ಮೆತ್ತನೆ ಜಾಗ ಒಳಗೆ ಕುಸಿದರೆ, ಕೂಸು ಎಬ್ಬಿಸಿದರೂ ಏಳದೆ ಹಾಲು ಬಿಟ್ಟರೆ, ಮನೆಮದ್ದು ಅಂತ ಕೂರಬೇಡಿ, ಆಸ್ಪತ್ರೆಗೆ ಓಡಿ. ಅವತ್ತಿನಿಂದ ಆಯಿ ದುಪ್ಪಟಿ ತುಂಡುಗಳನ್ನು ಒಗೆಯುವ ಮುಂಚೆ ಬೆಳಕಿಗೆ ಹಿಡಿದು ನೋಡುತ್ತಾಳೆ. ನೀರಿನ ಮಾತು ಮಾತ್ರ ಬಿಟ್ಟಿಲ್ಲ.

ತಮಾಷೆ ಅಂದರೆ, ಕೂಸಿಗೆ ನೀರು ಕೊಡು ಅನ್ನುವ ಇದೇ ಮನೆಯಲ್ಲಿ ನನಗೆ ನೀರಿಗೆ ಲೆಕ್ಕ! ಬಾಣಂತಿ ಜಾಸ್ತಿ ನೀರು ಕುಡಿದರೆ ಹೊಟ್ಟೆ ಬರುತ್ತದಂತೆ. ಈ ಬಿಸಿಲಲ್ಲೂ ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ. ಕೂಲರ್ ಗಾಳಿ ನೇರ ಬಡಿಯಬಾರದು. ಅವಳ ದಾಹ, ಹಸಿವು ಎರಡೂ ನನ್ನ ಮೈಯಿಂದಲೇ ತೀರಬೇಕು. ನನ್ನ ದಾಹ?

ಸಿಟ್ಟು ಬರುತ್ತದೆ. ಕೂಸಿನ ಮೇಲೂ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಅಳು ಕೇಳಿದ ಕೂಡಲೇ ಮನಸ್ಸು 'ಅಯ್ಯೋ, ಈಗ ಬೇಡ' ಅನ್ನುತ್ತದೆ. ಅಷ್ಟರಲ್ಲಿ ಎದೆ ಜುಮ್ಮೆಂದು ಹಾಲು ಇಳಿದು ಬ್ಲೌಸ್ ಒದ್ದೆಯಾಗಿರುತ್ತದೆ. ಮೈ ನನ್ನನ್ನು ಕೇಳುವುದೇ ಇಲ್ಲ. ಬೀದರ್‌ನಲ್ಲಿರುವ ನಮ್ಮವರು ವಿಡಿಯೋ ಕಾಲ್ ಮಾಡಿ "ಮಲಗ್ಯಾಳೇನು?" ಅಂತ ಕೇಳುತ್ತಾರೆ. ನಾನು ಮಲಗಿದೆನಾ ಅಂತ ಕೇಳಲಿ ಅಂತ ಕಾಯುತ್ತೇನೆ. ಒಮ್ಮೊಮ್ಮೆ ಕೇಳುತ್ತಾರೆ ಕೂಡ. ಆಗ ಗಂಟಲು ಕಟ್ಟುತ್ತದೆ.

ಇವತ್ತು ಚಮಚ ಕೆಳಗಿಟ್ಟ ಮೇಲೆ ಆಯಿಗೆ ಹೇಳಿದೆ: "ಆಯಿ, ಕೂಸಿಗಿ ಕೊಡೋ ನೀರು ನನಗ ಕೊಡು. ಅದಕ್ಕೇ ಹೋಗ್ತದ." ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕಾಯಿಸಿ ಆರಿಸಿದ ನೀರಿನ ತಂಬಿಗೆ ತಂದು ಪಕ್ಕದಲ್ಲಿಟ್ಟಳು. ಹೊಟ್ಟೆ ಬಂದರೆ ನನ್ನ ಕೇಳಬ್ಯಾಡ ಅಂತಲೂ ಅಂದಳು. ಪೂರ್ತಿ ಕುಡಿದೆ.

ಸಂಜೆ ಕರೆಂಟ್ ಬಂತು. ಹಾಲು ಕುಡಿಯುತ್ತಿದ್ದವಳು ನಡುವೆ ನಿಲ್ಲಿಸಿ, ನನ್ನ ಮುಖ ನೋಡಿ ನಕ್ಕಳು. ನಿದ್ದೆಯಲ್ಲಿ ನಗುವ ನಗು ಅಲ್ಲ, ಕಣ್ಣಲ್ಲಿ ಕಣ್ಣಿಟ್ಟು ನಕ್ಕಿದ್ದು. ಬಾಯಂಚಿನಿಂದ ಹಾಲು ಸೋರುತ್ತಿತ್ತು. "ಅವ್ವಾ, ಬಾ ಇಲ್ಲಿ!" ಅಂತ ಕೂಗಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಷ್ಟರಲ್ಲಿ ಇವಳ ನಗು ಮುಗಿದಿತ್ತು, ಅಳು ಶುರುವಾಗಿತ್ತು. ರಾತ್ರಿ ಹತ್ತರವರೆಗೂ ಬಿಡದೆ ಕುಡಿದಳು.