ನಾಲ್ಕು ತುಂಡು ಕೆನೆಬಣ್ಣದ ಅರಿವಿ

14 ಜೂನ್ 2025, ಶನಿವಾರ, ರಾತ್ರಿ
ಧಾರವಾಡ

ಅಪ್ಪನ ಜುಬ್ಬದ ಬಟ್ಟೆ ಇವತ್ತು ಕೊನೆಗೂ ನಿಕ್ಕಿಯಾಯಿತು. ಆಗಸ್ಟ್‌ನಲ್ಲಿ ಅವರ ಭೀಮರಥ ಶಾಂತಿ. ಹೋಮದ ಹೊತ್ತಿಗೆ ಹೇಗೂ ಮಡಿಪಂಚೆ, ಶಲ್ಯ. ಜುಬ್ಬ ಬೇಕಾಗುವುದು ಮಧ್ಯಾಹ್ನ ಊಟ ಮುಗಿದು ಮಂದಿ ಬಂದು ನಮಸ್ಕಾರ ಮಾಡುವಾಗ. ಅಪ್ಪನ ಚರ್ಮ ಈಗ ತೀರಾ ತೆಳುವಾಗಿದೆ. ಕೊರಳಪಟ್ಟಿ ಸ್ವಲ್ಪ ಉಜ್ಜಿದರೂ ಕುತ್ತಿಗೆ ಕೆಂಪಾಗುತ್ತದೆ. ಅದಕ್ಕೇ ಈ ಸಲ ಅಂಗಡಿಯ ಫೋಟೋ ನೋಡಿ ಒಮ್ಮೆಲೇ ಹಣ ಕಳಿಸುವ ಧೈರ್ಯ ನನಗಾಗಲಿಲ್ಲ.

ಹದಿನೈದು ದಿನದ ಹಿಂದೆ ಅಂಗಡಿಯವರು ವಾಟ್ಸ್ಯಾಪಿನಲ್ಲಿ ನಾಲ್ಕು ಫೋಟೋ ಕಳಿಸಿದ್ದರು. ನಾಲ್ಕೂ ಕೆನೆಬಣ್ಣ, ನಾಲ್ಕೂ ನಾನ್ನೂರು ರೂಪಾಯಿ ಮೀಟರಿನ ಆಸುಪಾಸು. ಮೊದಲನೆಯದು ಪಾಪ್ಲಿನ್, ಗಾಜಿನ ಹಾಗೆ ನುಣುಪು. ಎರಡನೆಯದು ಕಾಟನ್ ಸ್ಯಾಟಿನ್, ಬೆಣ್ಣೆ ಸವರಿದಂಥ ಮಿರುಗು. ಮೂರನೆಯದರ ಕೆಳಗೆ ‘ಕಾಟನ್ ಸಿಲ್ಕ್’ ಎಂದು ಬರೆದಿತ್ತು, ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದುದು ಅದೇ. ನಾಲ್ಕನೆಯದು ಕೈಮಗ್ಗದ ಹತ್ತಿ. ಫೋಟೋದಲ್ಲಿ ಗೋಣಿತಟ್ಟಿನ ಹಾಗೆ ಎಳೆ ಎಳೆ ಎದ್ದು ಕಾಣುತ್ತಿತ್ತು. ಅಮ್ಮ ಮತ್ತು ನಾನು ಕೂತು ಹಾಕಿದ ಕ್ರಮ: ಮೂರು, ಎರಡು, ಒಂದು, ನಾಲ್ಕು. ನಾಲ್ಕನೆಯದನ್ನು ಬಿಟ್ಟೇಬಿಡೋಣ ಎಂದಿದ್ದೆ.

ಆಮೇಲೆ ಯಾಕೋ ಅನುಮಾನ ಬಂತು. ಆ ನಾಲ್ಕನೆಯ ಫೋಟೋದಲ್ಲಿ ಬೆಳಕು ಒಂದು ಪಕ್ಕದಿಂದ ಬಿದ್ದಿತ್ತು, ಬಾಗಿಲ ಬಳಿ ಹಿಡಿದು ತೆಗೆದಿರಬೇಕು. ಅಡ್ಡ ಬೆಳಕಿನಲ್ಲಿ ಒಂದೊಂದು ಎಳೆಗೂ ನೆರಳು ಬೀಳುತ್ತದೆ, ನೂಲಿನ ಸಣ್ಣ ಗಂಟೂ ದಿಬ್ಬದಂತೆ ಕಾಣುತ್ತದೆ. ಉಳಿದ ಮೂರನ್ನು ತೆಗೆದದ್ದು ಮೇಲಿನಿಂದ, ಟ್ಯೂಬ್‌ಲೈಟಿನ ಕೆಳಗೆ. ಹಾಗೆ ನೇರ ಬಿದ್ದ ಬೆಳಕು ನೆರಳನ್ನೆಲ್ಲ ಅಳಿಸುತ್ತದೆ. ಅದರ ಮೇಲೆ ಫೋನ್ ತಾನೇ ಚಿತ್ರವನ್ನು ನಯಗೊಳಿಸುತ್ತದೆ, ವಾಟ್ಸ್ಯಾಪ್ ಅದನ್ನು ಇನ್ನಷ್ಟು ಹಿಂಡುತ್ತದೆ. ಮೊದಲನೆಯ ಪಾಪ್ಲಿನ್ನಿನಲ್ಲಿ ನಾವು ಕಂಡ ನುಣುಪಿನಲ್ಲಿ ಬಟ್ಟೆಯದು ಎಷ್ಟು, ಫೋನಿನದು ಎಷ್ಟು ಎಂದು ಹೇಳುವ ಹಾಗೇ ಇರಲಿಲ್ಲ. ಇನ್ನೊಂದು ಕೊರತೆ ಅಳತೆಯದು. ಎಷ್ಟು ಹತ್ತಿರದಿಂದ ತೆಗೆದಿದ್ದಾರೆ ಎಂದು ಗೊತ್ತಿಲ್ಲದಿದ್ದರೆ ಸೀರೆಯ ನೂಲೂ ಹುರಿಹಗ್ಗದಂತೆ ಕಾಣಬಹುದು.

ಅಂಗಡಿಯವರಿಗೆ ಫೋನ್ ಮಾಡಿ ಎರಡು ಕೇಳಿಕೊಂಡೆ. ನಾಲ್ಕರ ಮೇಲೂ ಒಂದೊಂದು ರೂಪಾಯಿ ನಾಣ್ಯ ಇಟ್ಟು, ಒಂದೇ ಕಿಟಕಿಯ ಹತ್ತಿರ ಮತ್ತೆ ಫೋಟೋ ತೆಗೆಯಿರಿ. ಪ್ರತಿಯೊಂದನ್ನೂ ಬೆರಳ ಮೇಲೆ ಮಡಚಿ, ನಿಧಾನ ತಿರುಗಿಸುತ್ತ ಹತ್ತು ಸೆಕೆಂಡಿನ ವೀಡಿಯೊ ಮಾಡಿರಿ. ಬೇಸರಪಡದೆ ಎರಡನ್ನೂ ಮಾಡಿ ಕಳಿಸಿದರು.

ನಾಣ್ಯದಿಂದ ಮೊದಲ ತಪ್ಪು ತಿದ್ದಿಕೊಂಡೆವು. ಅವರು ಇಟ್ಟಿದ್ದ ರೂಪಾಯಿ ನಾಣ್ಯದ ಅಡ್ಡಳತೆ ಸುಮಾರು 22 ಮಿಲಿಮೀಟರ್. ನಾಲ್ಕನೆಯ ಬಟ್ಟೆಯ ಫೋಟೋ ದೊಡ್ಡದು ಮಾಡಿ, ನಾಣ್ಯದ ಅಗಲದಲ್ಲಿ ಎಷ್ಟು ಹಾಸಿನ ಎಳೆ ಇವೆ ಎಂದು ಎಣಿಸಿದೆ: 62. ಅಂದರೆ ಇಂಚಿಗೆ ಹೆಚ್ಚುಕಡಿಮೆ 72 ಎಳೆ. ಗೋಣಿತಟ್ಟಿನ ಮಾತೇ ಇಲ್ಲ, ಒಳ್ಳೆಯ ಜುಬ್ಬದ ನೇಯ್ಗೆ ಅದು. ಹಾಸು ಒಂದರ ಮೇಲೆ, ಒಂದರ ಕೆಳಗೆ, ಅಪ್ಪಟ ಸಾದಾ ನೇಯ್ಗೆ. ಪಾಪ್ಲಿನ್ನೂ ಸಾದಾ ನೇಯ್ಗೆಯೇ, ಆದರೆ ಅದರ ಎಳೆಗಳು ಒಂದಕ್ಕೊಂದು ಅಂಟಿಕೊಂಡ ಹಾಗಿದ್ದವು, ಎಣಿಸಲು ಬರಲಿಲ್ಲ. ಸ್ಯಾಟಿನ್ನಿನಲ್ಲಿ ಒಂದು ಎಳೆ ನಾಲ್ಕು ಎಳೆಗಳ ಮೇಲೆ ತೇಲಿ ಹೋಗಿ, ಆಮೇಲೆ ಒಂದರ ಕೆಳಗೆ ಮುಳುಗುತ್ತದೆ. ಬೆಳಕಿಗೆ ಉದ್ದುದ್ದ ಎಳೆಯ ಬೆನ್ನೇ ಸಿಗುವುದರಿಂದ ಅದಕ್ಕೆ ಆ ಮಿರುಗು.

ವೀಡಿಯೊ ನೋಡಿದಾಗ ತಿಳಿದದ್ದು, ನಾಲ್ಕೂ ಹೊಳೆಯುವುದು ಬೇರೆ ಬೇರೆ ಕಾರಣಕ್ಕೆ ಎಂದು. ನಿಂತ ಚಿತ್ರದಲ್ಲಿ ಎಲ್ಲವೂ ಒಂದು ಬಿಳಿ ಮಚ್ಚೆ, ಅಷ್ಟೇ. ತಿರುಗಿಸಿದಾಗ ಸ್ಯಾಟಿನ್ ಒಂದು ದಿಕ್ಕಿಗೆ ಮಿಂಚಿ, ಅಡ್ಡ ತಿರುಗಿಸಿದರೆ ಮಂಕಾಯಿತು. ತೇಲುವ ಎಳೆಗಳೆಲ್ಲ ಒಂದೇ ಕಡೆ ಮಲಗಿರುವ ನೇಯ್ಗೆಯ ಹೊಳಪು ಹಾಗೇ ಇರುತ್ತದೆ. ಪಾಪ್ಲಿನ್ ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ಸಮ ಹೊಳೆಯಿತು, ಆದರೆ ಬೆರಳ ಮೇಲೆ ಮಡಚಿದ ಕಡೆ ಹೊಳಪು ಮುರಿದು ಮಂಕು ಗೆರೆ ಬಿತ್ತು. ಅದು ಮೇಲಿನಿಂದ ಕೊಟ್ಟ ಹೊಳಪು: ಗಂಜಿ ಹಾಕಿ ಬಿಸಿ ರೋಲರಿನ ನಡುವೆ ಒತ್ತಿದ್ದು. ‘ಕಾಟನ್ ಸಿಲ್ಕ್’ ಮಡಿಕೆಯ ತುದಿಯಲ್ಲಿ ಚುರುಕಾದ ಬಿಳಿ ಗೀರು ಹೊಡೆಯಿತು, ತಗಡಿನ ಅಂಚಿನ ಹಾಗೆ. ನಾಲ್ಕನೆಯದಕ್ಕೆ ಮಡಿಕೆಯ ಉದ್ದಕ್ಕೂ ಮೆಲ್ಲಗೆ ಹರಿಯುವ ಹೊಳಪೊಂದು ಇತ್ತು. ನಾನು ಅದನ್ನು ಫೋಟೋದಲ್ಲಿ ಕಂಡೇ ಇರಲಿಲ್ಲ. ಕೇಳಿದರೆ ಅಂಗಡಿಯವರು, ‘ಅದು ಮರ್ಸರೈಸ್ಡ್ ನೂಲರೀ’ ಎಂದರು. ಹತ್ತಿಯ ನಾರು ಹುಟ್ಟಿನಿಂದ ಚಪ್ಪಟೆ, ಹುರಿ ಬಿದ್ದ ಲಾಡಿಯ ಹಾಗೆ. ನೂಲನ್ನು ಬಿಗಿಯಾಗಿ ಎಳೆದು ಹಿಡಿದು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ನಾರು ಉಬ್ಬಿ ದುಂಡಗಾಗುತ್ತದೆ, ಹುರಿ ಬಿಚ್ಚುತ್ತದೆ. ದುಂಡು ನಾರು ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಹೀಗೆ ನಾರಿನೊಳಗೇ ಬಂದ ಹೊಳಪು ಒಗೆದರೂ ಹೋಗುವುದಿಲ್ಲ.

ಇಷ್ಟು ಗೊತ್ತಾದ ಮೇಲೂ ಮೈಗೆ ಹೇಗಾಗುತ್ತದೆ ಎಂಬುದು ಗೊತ್ತಾಗಲಿಲ್ಲ. ನಾಲ್ಕರದ್ದೂ ಒಂದೊಂದು ಗೇಣು ತುಂಡು ಕೊರಿಯರ್‌ನಲ್ಲಿ ಕಳಿಸಿ ಎಂದು ಕೇಳಿದೆ, ತುಂಡಿನ ಬೆಲೆ ಕೊಟ್ಟೆ. ಬುಧವಾರ ಬಂದವು.

ಎದುರುಮನೆಯ ಅಜ್ಜಿ ಗುಳೇದಗುಡ್ಡದ ಕಡೆಯವರು, ಖಣ ನೇಯುವ ಮನೆಯಲ್ಲಿ ಹುಟ್ಟಿ ಬೆಳೆದವರು. ಅವರ ಮುಂದೆ ನಾಲ್ಕನ್ನೂ ಇಟ್ಟೆ. ಕನ್ನಡಕ ಹಾಕಿಕೊಳ್ಳಲೇ ಇಲ್ಲ. ಪಾಪ್ಲಿನ್ ಎತ್ತಿಕೊಂಡು ಹೆಬ್ಬೆರಳಿನಿಂದ ಎರಡು ಸಲ ತಿಕ್ಕಿದರು. ತಮ್ಮ ಕಪ್ಪು ಇಳಕಲ್ ಸೆರಗಿಗೆ ಅದೇ ಬೆರಳನ್ನು ಒರೆಸಿದಾಗ ಬಿಳಿ ಪುಡಿಯ ಗುರುತು ಬಿತ್ತು.

‘ಇದಕ್ಕ ಗಂಜಿ ಭಾಳ ಹಾಕ್ಯಾರ ನೋಡವ್ವಾ. ಒಗದ ಮ್ಯಾಲ ಇದು ಅರಿವಿ ಅಲ್ಲ, ಜಾಳಿಗಿ.’

ಸ್ಯಾಟಿನ್ನಿನ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿದರು. ಒಂದು ಎಳೆ ಮೇಲೆದ್ದು ಕುಣಿಕೆಯಾಯಿತು. ಉದ್ದ ತೇಲುವ ಎಳೆಗೆ ಹಿಡಿತ ಕಡಿಮೆ, ಉಂಗುರವೋ ಕಡಗವೋ ತಾಕಿದರೆ ಸಾಕು. ಆಮೇಲೆ ಪ್ರತಿ ತುಂಡನ್ನೂ ಬಾಯಿಗೆ ಒತ್ತಿ ಹಿಡಿದು ಉಸಿರು ಬಿಟ್ಟರು, ಗಾಳಿ ಎಷ್ಟು ಸರಾಗ ಆಚೆ ಹೋಗುತ್ತದೆ ಎಂದು ನೋಡಲು. ನಾನೂ ಮಾಡಿ ನೋಡಿದೆ. ಮೂರನೆಯದರಲ್ಲಿ ಉಸಿರು ಅರ್ಧಕ್ಕೇ ತಿರುಗಿ ಮುಖಕ್ಕೆ ಬಿಸಿಯಾಗಿ ಬಡಿಯಿತು. ನಾಲ್ಕನೆಯದರಲ್ಲಿ ಆಚೆ ಹಿಡಿದ ಅಂಗೈಗೆ ಗಾಳಿ ತಾಗಿತು.

ಮೂರನೆಯದರ ಮೇಲೆ ನನಗೆ ಬೇರೆಯೇ ಸಂಶಯ. ಅಂಚಿನಿಂದ ಒಂದು ಹಾಸಿನ ಎಳೆ, ಒಂದು ಹೊಕ್ಕಿನ ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆ. ಹೊಕ್ಕು ಕಾಗದದ ಹಾಗೆ ಉರಿದು ಬೂದಿಯಾಯಿತು, ಅದು ಹತ್ತಿ. ಹಾಸು ಉರಿಯುವ ಮೊದಲೇ ಮುದುಡಿ ಕರಗಿ, ಸಾಸಿವೆಗಿಂತ ಸಣ್ಣ ಕರಿ ಮಣಿಯಾಗಿ ಗಟ್ಟಿಯಾಯಿತು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕಿತ್ತು. ಇದು ಪಾಲಿಯೆಸ್ಟರ್. ‘ಸಿಲ್ಕ್’ ಎಂದು ಬರೆದು ಇದನ್ನು ಮಾರುವುದು ನನಗೆ ಸರಿ ಕಾಣಲಿಲ್ಲ. ಅಂಗಡಿಯವರಿಗೆ ಹಾಗೆಂದೇ ಹೇಳಿದೆ. ತಮಗೆ ಸಗಟಿನವರು ಹೇಳಿದ್ದನ್ನೇ ಬರೆದದ್ದು ಎಂದರು.

ಗುರುವಾರ ಪ್ರತಿ ತುಂಡಿನಿಂದಲೂ ಹತ್ತು ಸೆಂಟಿಮೀಟರ್ ಚೌಕ ಕತ್ತರಿಸಿ ಓಣಿಯ ಪತ್ತಾರರ ಅಂಗಡಿಗೆ ಒಯ್ದೆ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಸಣ್ಣದು ಹೇಳುವುದಿಲ್ಲ, ಚಿನ್ನ ತೂಗುವ ತಕ್ಕಡಿ ಹೇಳುತ್ತದೆ. ಆ ಚೌಕ ಒಂದು ಚದರ ಮೀಟರಿನ ನೂರನೇ ಒಂದು ಪಾಲು. ಬಂದ ತೂಕವನ್ನು ನೂರರಿಂದ ಗುಣಿಸಿದರೆ ಬಟ್ಟೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಸಿಗುತ್ತದೆ. ಪಾಪ್ಲಿನ್ 92, ಸ್ಯಾಟಿನ್ 158, ಕೈಮಗ್ಗದ್ದು 116. ಮೂರನೆಯದನ್ನು ತೂಗಲೇ ಇಲ್ಲ. ಸ್ಯಾಟಿನ್ ಇಷ್ಟು ಭಾರ ಎಂದು ಫೋಟೋ ನೋಡಿ ಊಹಿಸಿಯೇ ಇರಲಿಲ್ಲ. ಭಾರದ ಬಟ್ಟೆ ಚೆಂದ ಇಳಿಬೀಳುತ್ತದೆ ನಿಜ, ಆದರೆ ಅಷ್ಟು ದಟ್ಟ ಬಟ್ಟೆಯಲ್ಲಿ ಅಪ್ಪ ಮಂದಿಯ ನಡುವೆ ಮೂರು ತಾಸು ಕೂತರೆ ಬೆವರುತ್ತಾರೆ.

ಮನೆಗೆ ಬಂದು ಚೌಕಗಳನ್ನು ಉಗುರುಬೆಚ್ಚಗಿನ ನೀರು, ಸೋಪಿನಲ್ಲಿ ಮೂರು ಸಲ ಒಗೆದು ಒಣಗಿಸಿದೆ. ಮಳೆ ಹಿಡಿದಿದ್ದರಿಂದ ಒಣಗಲು ಮರುದಿನ ಮಧ್ಯಾಹ್ನವಾಯಿತು. ಪಾಪ್ಲಿನ್ನಿನ ತೂಕ 0.92 ಗ್ರಾಂನಿಂದ 0.80ಕ್ಕೆ ಇಳಿದಿತ್ತು. ಹೋದದ್ದಷ್ಟೂ ಗಂಜಿ. ಹೊಳಪು ಪೂರ್ತಿ ಹೋಗಿ, ಕೈಗೆ ಹಳೆಯ ತಲೆದಿಂಬಿನ ಗವಸಿನ ಹಾಗೆ ಸಡಿಲವಾಗಿತ್ತು, ಆಚೆ ಹಿಡಿದ ಕೈಯ ಗೆರೆ ಕಾಣುವಷ್ಟು ತೆಳು. ಕೈಮಗ್ಗದ ತುಂಡು ಹಾಸಿನ ಉದ್ದಕ್ಕೆ ಹತ್ತರಿಂದ 9.6 ಸೆಂಟಿಮೀಟರಿಗೆ ಕುಗ್ಗಿತ್ತು. ಆದರೆ ಮುಂಚೆ ಇದ್ದ ಸಣ್ಣ ಬಿರುಸು ಹೋಗಿ ನವುರಾಗಿತ್ತು, ಕಿಟಕಿಗೆ ಹಿಡಿದರೆ ಆ ಮೆಲುಹೊಳಪು ಇದ್ದ ಹಾಗೇ ಇತ್ತು. ಮುಷ್ಟಿಯಲ್ಲಿ ಬಿಗಿಹಿಡಿದು ಬಿಟ್ಟರೆ ಸುಕ್ಕು ಮಾತ್ರ ನಿಲ್ಲುತ್ತದೆ. ಅದು ಹತ್ತಿಯ ಸ್ವಭಾವ, ಇಸ್ತ್ರಿ ಬೇಕೇ ಬೇಕು.

ಇವತ್ತು ಕೊನೆಯ ಪರೀಕ್ಷೆ ಅಪ್ಪನದು. ಯಾವುದು ಏನು ಎಂದು ಹೇಳದೆ, ಬೆಳಿಗ್ಗೆ ಮೂರನೆಯ ತುಂಡನ್ನು ಅವರ ಅಂಗಿಯ ಕೊರಳಪಟ್ಟಿಯೊಳಗೆ, ಹಿಂಗುತ್ತಿಗೆಗೆ ತಾಗುವಂತೆ ಸಿಕ್ಕಿಸಿದೆ. ಪೇಪರಿನ ಎರಡನೇ ಪುಟಕ್ಕೆ ಬರುವ ಹೊತ್ತಿಗೆ ‘ಚುಚ್ಚತದವಾ, ತಗೀ ಇದನ್ನ’ ಎಂದರು. ಸ್ಯಾಟಿನ್ ಮೊದಲಿಗೆ ತಣ್ಣಗಿದೆ ಎಂದು ಮೆಚ್ಚಿ, ಅರ್ಧ ತಾಸಿಗೆ ಕುತ್ತಿಗೆ ಒರೆಸಿಕೊಂಡರು. ಊಟದ ನಂತರ ಒಗೆದ ಕೈಮಗ್ಗದ ತುಂಡು ಸಿಕ್ಕಿಸಿದೆ. ಮಲಗಿ ಎದ್ದು, ಚಹಾ ಕುಡಿದು, ಛತ್ರಿ ಹಿಡಿದು ಹೊರಟೇಬಿಟ್ಟರು. ತುಂಡು ಕೊರಳಲ್ಲೇ ಇತ್ತು.

ಟೈಲರ್ ಹೇಳಿದ್ದು 44 ಇಂಚು ಪನ್ನದಲ್ಲಿ ಎರಡೂವರೆ ಮೀಟರ್. ನೂರಕ್ಕೆ ನಾಲ್ಕು ಕುಗ್ಗುವುದನ್ನು ಸೇರಿಸಿದರೆ 2.60 ಆಗುತ್ತದೆ. ನೆಟ್ಟಗೆ ಕತ್ತರಿಸಿರದಿದ್ದರೆ ಇರಲಿ ಎಂದು ಎರಡೂ ಮುಕ್ಕಾಲು ಮೀಟರ್ ಹೇಳಿದ್ದೇನೆ. ಬಂದ ದಿನವೇ ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಆಮೇಲೆ ಹೊಲಿಯಲು ಕೊಡಬೇಕು. ಕೊರಳಪಟ್ಟಿಯ ಒಳಗೆ ಕ್ಯಾನ್ವಾಸ್ ಬೇಡ, ಇದೇ ಬಟ್ಟೆಯನ್ನು ಎರಡು ಪದರ ಹಾಕಿ ಎಂದು ಟೈಲರಿಗೆ ಹೇಳಲು ಚೀಟಿಯಲ್ಲಿ ಬರೆದಿಟ್ಟಿದ್ದೇನೆ.